ವೀರಭದ್ರಪ್ಪ ‘ವಿಕ್’ ಆದ ಮೇಲೆ

ವಿದೇಶಕ್ಕೆ ಕೆಲಸಕ್ಕೆ ಹೋದವರು ಆಪ್ತಸಲಹೆಗೆಂದು ನನ್ನ ಬಳಿ ಪದೇ ಪದೇ ತರುವ ತೊಂದರೆ ಇದು: ಅಲ್ಲಿನವರು ಕರೆಯುವ ಹೆಸರು ತನ್ನದೇ ಅನ್ನಿಸದಿರುವುದು. ಇವರನ್ನು ವೀರಭದ್ರಪ್ಪ ಎನ್ನೋಣ. ನಿಜವಾದ ಹೆಸರೂ ಇಷ್ಟೇ ಉದ್ದ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ. ಸೇರಿದ ವಾರವೇ ಮ್ಯಾನೇಜರ್ ‘ವಿಕ್’ ಅಂದರು, ಇವರು ತಲೆಯಾಡಿಸಿದರು.

ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಎರಡನೇ ಭೇಟಿಯಲ್ಲಿ ಮಾತಿನ ನಡುವೆ ಹೇಳಿದರು: “ಮೀಟಿಂಗಲ್ಲಿ ವಿಕ್ ಚೆನ್ನಾಗಿ ಮಾಡಿದ ಅಂತಾರೆ ಮೇಡಂ. ಪಕ್ಕದಲ್ಲಿರೋ ಯಾರನ್ನೋ ಹೊಗಳಿದ ಹಾಗಾಗುತ್ತೆ.”

“ಮನೇಲಿ ಏನಂತ ಕರೀತಾರೆ?”

“ವೀರೂ ಅಂತಾರೆ. ಅದು ಮನೆಗೆ ಮಾತ್ರ ಅಂದ್ಕೊಂಡಿದ್ದೆ.”

ಅಲ್ಲಿಂದ ದಾರಿ ಸಿಕ್ಕಿತು. ಹೆಸರು ಮೊಟಕು ಮಾಡುವುದೇ ಗುಲಾಮಗಿರಿ ಎಂದು ನನ್ನೊಡನೆ ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿದ್ಧಲಿಂಗನನ್ನು ಸಿದ್ದು, ಬಸವರಾಜನನ್ನು ಬಸು ಅಂತ ಮೊಟಕು ಮಾಡಿದವರು ನಾವೇ. ಕಳೆದುಹೋಗುವುದು ಬೇರೆ ಹೆಸರು ಅಂಟಿಸಿಕೊಂಡಾಗ. ಅದಕ್ಕೇ ಮನೆಯವರ ಬಾಯಲ್ಲಿ ಆಗಲೇ ಇರುವ ತುಂಡನ್ನೇ ಮೊದಲು ನೋಡಿ ಎನ್ನುತ್ತೇನೆ.

ಆಮೇಲೆ ಕಾಗುಣಿತ. Viru ಎಂದು ಬರೆದರೆ ಅಲ್ಲಿನವರು ‘ವೈರು’ ಎಂದಾರು. Veeru ಎಂದರೆ ನಾಲಿಗೆ ತಾನಾಗಿ ಸರಿ ಹೋಗುತ್ತದೆ. ಪರೀಕ್ಷೆ ಸುಲಭ: ನೀವು ಉಚ್ಚರಿಸದೆ, ಚೀಟಿಯಲ್ಲಿ ಬರೆದು ಹೊಸಬರಿಬ್ಬರ ಕೈಲಿ ಓದಿಸಿ. ಇಬ್ಬರೂ ಎಡವಿದರೆ ಅಕ್ಷರ ಬದಲಿಸಿ, ಹೆಸರನ್ನಲ್ಲ. ಭ, ಳ, ಣ ಇರುವ ಭಾಗವನ್ನು ಮೊಟಕು ಹೆಸರಿಗೆ ಆರಿಸದಿದ್ದರೆ ಒಳ್ಳೆಯದು.

ಎಲ್ಲಿ ಯಾವ ಹೆಸರು ಎಂಬುದರಲ್ಲಿ ನಾನು ಬಹಳ ಕಟ್ಟುನಿಟ್ಟು. ವೀಸಾ, ಸಂಬಳ, ತೆರಿಗೆ, ಬ್ಯಾಂಕ್, ವಿಮಾನದ ಟಿಕೆಟ್, ಅನುಭವ ಪತ್ರ, ಇವೆಲ್ಲ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು. ಮೊಟಕು ಹೆಸರು ಇಮೇಲ್, ಚಾಟ್, ಬ್ಯಾಡ್ಜಿಗೆ ಸಾಕು. ಅದಕ್ಕೆ ಎಚ್‌ಆರ್ ಫಾರಂನಲ್ಲಿ ಹೆಚ್ಚಾಗಿ Preferred name ಎಂಬ ಕಾಲಂ ಇರುತ್ತದೆ. ಅನುಭವ ಪತ್ರ ‘ವಿಕ್’ ಹೆಸರಲ್ಲಿ ಬಂದರೆ, ಮುಂದಿನ ಕಂಪನಿ ಅದನ್ನು ಪದವಿ ಪತ್ರದ ಜೊತೆ ತಾಳೆ ನೋಡುವಾಗ ಇಬ್ಬರು ಬೇರೆಯವರಂತೆ ಕಾಣುತ್ತದೆ. ರೆಸ್ಯೂಮೆಯಲ್ಲಿ ಎರಡನ್ನೂ ಸೇರಿಸಿ ಹೀಗೆ ಬರೆಯಿಸಿದೆ:

Veerabhadrappa “Veeru” Channabasappa

ಕೊನೆಯದು ಅವರ ತಂದೆಯ ಹೆಸರು. ಪಾಸ್‌ಪೋರ್ಟಿನ Surname ಕಾಲಂ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಮನೆತನದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ FNU, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬೀಳುತ್ತದೆ. ಆಮೇಲೆ ಸಹೋದ್ಯೋಗಿಗಳಿಗೆ ಆ FNU ಎಂಬುದೇ ಹೆಸರಾಗಿ ಕಾಣುವುದೂ ಉಂಟು. ಇವರು ಆ ಕಾಲಂ ತುಂಬಿದ್ದರು, ಪಾರಾದರು.

ಎಂಟು ತಿಂಗಳ ‘ವಿಕ್’ ಬಿಡಿಸಲು ತಂಡಕ್ಕೆ ಎರಡೇ ಸಾಲಿನ ಇಮೇಲ್: ಇನ್ನು ಮೇಲೆ ವೀರು ಎನ್ನಿ, ಮನೆಯಲ್ಲೂ ಹಾಗೇ ಕರೆಯುತ್ತಾರೆ. ಕ್ಷಮೆ ಕೇಳಬೇಡಿ, ಕಾರಣ ವಿವರಿಸಬೇಡಿ ಎಂದೆ. ತಂಡ ಬೇಗ ಹೊಂದಿಕೊಂಡಿತು. ಮ್ಯಾನೇಜರ್ ಮಾತ್ರ ಮರೆಯುತ್ತಿದ್ದರು. ಪ್ರತಿ ಸಲ “ವೀರು” ಎಂದಷ್ಟೇ ತಿದ್ದಿ ಮಾತು ಮುಂದುವರಿಸುವುದು ಇವರಿಗೆ ಈಗ ಅಭ್ಯಾಸವಾಗಿದೆ.