ತೀರ್ಥೋದ್ಭವದ ಟೈಮ್ ನಾನೇ ಲೆಕ್ಕ ಹಾಕಲು ಹೋಗಿ ಆದ ಕಥೆ

ಪ್ರಶ್ನೆ: ಫೋನ್ ಆ್ಯಪಲ್ಲಿ ಸೂರ್ಯ ಸೆಪ್ಟೆಂಬರ್ 22ಕ್ಕೇ ತುಲಾ ರಾಶಿಗೆ ಹೋಗ್ತಾನೆ, ತಲಕಾವೇರಿಲಿ ತುಲಾ ಸಂಕ್ರಮಣ ಅಕ್ಟೋಬರ್ 17ಕ್ಕೆ. ಯಾರ ಲೆಕ್ಕ ತಪ್ಪು?

ಅಯ್ಯೋ, ಇದೇ ತಲೆಬಿಸಿ ಹಚ್ಕೊಂಡು 2024ರಲ್ಲಿ ಆ ಸಂಕ್ರಮಣದ ಹೊತ್ತಿಗೆ ಕಾವೇರಿ ಉಕ್ಕೋ ತೀರ್ಥೋದ್ಭವನ ಅವ್ವನಿಗೆ ತಪ್ಪಿಸಿದವನು ನಾನು. ಪೇಪರಲ್ಲಿ ಅಕ್ಟೋಬರ್ 17 ಬೆಳಗ್ಗೆ 7.40 ಅಂತ ಬಂದಿತ್ತು. ನಾನು ಬೆಂಗಳೂರಲ್ಲಿ ಕೋಡ್ ಬರೆಯೋನು, ಹಳೇ ಪಂಚಾಂಗದವರಿಗಿಂತ ನನ್ನ ಕಂಪ್ಯೂಟರ್ ಜಾಸ್ತಿ ಕರೆಕ್ಟು ಅನ್ನೋ ಕೊಬ್ಬು. ಸೂರ್ಯ, ಗ್ರಹಗಳ ಸ್ಥಾನ ಹೇಳೋ ಸ್ವಿಸ್ ಎಫೆಮೆರಿಸ್ ಅನ್ನೋ ಸಾಫ್ಟ್‌ವೇರ್ ಹಾಕಿ ಲೆಕ್ಕ ಮಾಡಿದ್ರೆ 18ನೇ ತಾರೀಕು ಬೆಳಗಿನ ಜಾವ 5 ಗಂಟೆ ಹತ್ರ ಬಂತು. ಅಪ್ಪ ಬೈದ್ರೂ ಕೇಳದೆ ಅವ್ವನ್ನ ಒಪ್ಪಿಸಿ ಆ ಚಳೀಲಿ ಕರ್ಕೊಂಡು ಹೋದೆ. ಉದ್ಭವ ಆಗಿ ಇಪ್ಪತ್ತೊಂದು ಗಂಟೆ ಕಳೆದಿತ್ತು! ಆ ದಿನ ಬೆಳಗ್ಗೆ ಮನೇಲಿ ಮಾಡ್ಬೇಕಿದ್ದ ಕಣಿ ಪೂಜೆಗೂ ಅವ್ವ ಇಲ್ಲ.

ಆಗಿದ್ದಿಷ್ಟೇ, ಒಂದು ಸಾಲು ಬಿಟ್ಟಿದ್ದೆ:

```
swe.set_sid_mode(swe.SIDM_LAHIRI)
```

ನಕ್ಷತ್ರ ನೋಡಿ ಎಣಿಸೋ ನಿರಯನ ಲೆಕ್ಕ ಬೇಕು ಅಂತ ಹೇಳಿದ್ದೆ, ಅದಕ್ಕೆ ಸಾಯನ ಸ್ಥಾನದಿಂದ, ಅಂದ್ರೆ ನಿಮ್ಮ ಆ್ಯಪ್ ತೋರಿಸೋ ಸ್ಥಾನದಿಂದ, ಕಳೆಯೋ ಅಂತರವೇ ಅಯನಾಂಶ, ಅದು ಯಾವುದು ಅಂತ ಹೇಳಿರ್ಲಿಲ್ಲ. ಹೇಳದಿದ್ರೆ ಅದು ಫೇಗನ್-ಬ್ರ್ಯಾಡ್ಲಿ ಅಂತ ಪಶ್ಚಿಮದವರ ಅಯನಾಂಶ ತಗೊಳುತ್ತೆ. ಆ ವರ್ಷ ಲಾಹಿರಿ ಅಯನಾಂಶ 24 ಡಿಗ್ರಿ 12 ಕಲೆ, ಅವರದ್ದು 25 ಡಿಗ್ರಿ 5 ಕಲೆ. ಒಂದು ಡಿಗ್ರಿಗೆ 60 ಕಲೆ, ವ್ಯತ್ಯಾಸ 53 ಕಲೆ ಅಷ್ಟೆ, ಏನು ಮಹಾ ಅನ್ಸುತ್ತೆ. ಆದ್ರೆ ಸೂರ್ಯ ದಿನಕ್ಕೆ ನಡೆಯೋದೇ ಒಂದು ಡಿಗ್ರಿ ಹತ್ರ, ಅಂದ್ರೆ ಒಂದು ಕಲೆಗೆ 24 ನಿಮಿಷ, 53 ಕಲೆಗೆ ಇಪ್ಪತ್ತೊಂದು ಗಂಟೆ. ಆ ಸಾಲು ಸೇರಿಸಿದ ಮೇಲೆ ಪೇಪರಿನ ಟೈಮಿಗೂ ನನ್ನದಕ್ಕೂ ಕೆಲವೇ ನಿಮಿಷ ವ್ಯತ್ಯಾಸ. ರಾಮನ್ ಅನ್ನೋ ಇನ್ನೊಂದು ಅಯನಾಂಶ ಹಾಕಿದ್ರೆ ಉಲ್ಟಾ, ಒಂದೂವರೆ ದಿನ ಮೊದಲೇ ಬರ್ತಿತ್ತು.

ಹಂಗಾಗಿ ಯಾರ ಲೆಕ್ಕ ತಪ್ಪು ಅಂತ ಕೇಳೋದೇ ಸರಿಯಲ್ಲ. ನಿಮ್ಮ ಆ್ಯಪು ಸಾಯನ, ಹಗಲು-ರಾತ್ರಿ ಸಮ ಆಗೋ ಬಿಂದುವಿಂದ ಎಣಿಸುತ್ತೆ, ಅದಕ್ಕೇ ಸೆಪ್ಟೆಂಬರ್ 22. ನಮ್ಮ ಪಂಚಾಂಗ ನಕ್ಷತ್ರ ನೋಡಿ ಎಣಿಸುತ್ತೆ, ಲಾಹಿರಿಯಲ್ಲಿ ಚಿತ್ತಾ ನಕ್ಷತ್ರ ಇರೋ ಕಡೆ ತುಲಾ ಶುರು. ಹಗಲು-ರಾತ್ರಿ ಸಮ ಆಗೋ ಬಿಂದು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರೀತಾ ಬಂದು ಈಗ 24 ಡಿಗ್ರಿ ಅಂತರ ಆಗಿದೆ, ನಿಮ್ಮ 25 ದಿನ ಅದೇ. ಒಂದೇ ರಸ್ತೆಗೆ ಒಬ್ಬ ಮಡಿಕೇರಿಯಿಂದ ಕಿಲೋಮೀಟರ್ ಕಲ್ಲು ಹಾಕಿದ, ಇನ್ನೊಬ್ಬ ಭಾಗಮಂಡಲದಿಂದ ಹಾಕಿದ.

ಆ್ಯಪ್ ಬದಲಾಯಿಸ್ತಾ ಕೂರಬೇಡಿ. ಸೆಟ್ಟಿಂಗಲ್ಲಿ ಅಯನಾಂಶದ ಹೆಸರು ನೋಡಿ. ಹೆಸರೇ ಇಲ್ಲದಿದ್ರೆ ಒಂದೇ ಹೊತ್ತಿನ ಸೂರ್ಯನ ಸಾಯನ ಸ್ಥಾನದಿಂದ ನಿರಯನ ಸ್ಥಾನ ಕಳೀರಿ, 24ರ ಮೇಲೆ ಹತ್ತು ಹದಿನೈದು ಕಲೆ ಬಂದ್ರೆ ಲಾಹಿರಿ, 25 ದಾಟಿದ್ರೆ ನನ್ನ ಕಥೆ. ಬರೀ 24 ಅಂತ ರೌಂಡ್ ಮಾಡಿದ್ರೂ ಐದು ಗಂಟೆ ಹತ್ರ ಎಡವಟ್ಟು. ತಲಕಾವೇರಿಗೆ ಹೋಗೋದಿದ್ರೆ ಮಾತ್ರ ದೇವಸ್ಥಾನದವರು ಹೇಳಿದ ಟೈಮಿಗೇ ಹೋಗಿ, ಜನ ಸೇರೋದು ಆ ಹೊತ್ತಿಗೇ.

2025ರಲ್ಲಿ ಮಧ್ಯಾಹ್ನ 1.44ಕ್ಕಿತ್ತು. ಅವ್ವ ನನ್ನ ಹತ್ರ ಟೈಮ್ ಕೇಳ್ಲೇ ಇಲ್ಲ, ಪಕ್ಕದ ಮನೆಯವರ ಜೀಪ್ ಹತ್ತಿ ಹೋದ್ರು.