ಹತ್ತಕ್ಕೇ ಮಲಗಿದರೂ ನಿದ್ರೆ ಬಾರದಿರುವುದೇಕೆ?

“ಏಳೂವರೆಗೆ ಆಫೀಸು, ಆರಕ್ಕೆ ಅಲಾರಂ. ರಾತ್ರಿ ಹತ್ತಕ್ಕೇ ಮಲಗಿದರೂ ಎರಡರವರೆಗೆ ನಿದ್ರೆ ಬರುವುದಿಲ್ಲ, ರಜೆಯಲ್ಲಿ ಹತ್ತಕ್ಕೆ ಏಳುತ್ತೇನೆ. ಇದು ಸೋಮಾರಿತನವೇ?”

ಅಲ್ಲ. ನಿದ್ರೆಗೆ ಸಿದ್ಧವಾಗುವಂತೆ ದೇಹಕ್ಕೆ ಸೂಚಿಸುವ ಮೆಲಟೋನಿನ್ ಸಾಮಾನ್ಯವಾಗಿ ನಿದ್ರೆ ಹತ್ತುವುದಕ್ಕೆ ಸುಮಾರು ಎರಡು ಗಂಟೆ ಮೊದಲು ಏರತೊಡಗುತ್ತದೆ. ನಿಮ್ಮಲ್ಲಿ ಅದು ಮಧ್ಯರಾತ್ರಿಯ ಹೊತ್ತಿಗೆ ಆರಂಭವಾಗುತ್ತಿರಬೇಕು. ಅದಕ್ಕೆ ಮುಂಚಿನ ಒಂದೆರಡು ಗಂಟೆಗಳಲ್ಲಿ ದೇಹದ ಗಡಿಯಾರವು ಎಚ್ಚರವನ್ನು ಬಲವಾಗಿ ಹಿಡಿದಿಡುವುದರಿಂದ, ಹತ್ತಕ್ಕೆ ದೀಪ ಆರಿಸಿದರೂ ಹೊರಳಾಟವೇ ಗತಿ.

ಬೆಳಗಿನ ಕಥೆ ಇನ್ನೂ ವಿಚಿತ್ರ. ಸಹಜವಾಗಿ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ದೇಹದ ಉಷ್ಣತೆ ಅತ್ಯಂತ ಕೆಳಗಿಳಿದಿರುತ್ತದೆ. ಹತ್ತಕ್ಕೆ ಏಳುವವರಿಗೆ ಅದು ಏಳೂವರೆಯ ಸುಮಾರು. ಹಾಗಾಗಿ ಆರರ ಅಲಾರಂ ನಿಮ್ಮ ದೇಹದ ಪಾಲಿಗೆ ನಡುರಾತ್ರಿಯ ಕರೆ. ಆ ಕನಿಷ್ಠ ಬಿಂದುವಿನ ನಂತರ ಬೀಳುವ ಬೆಳಕು ಗಡಿಯಾರವನ್ನು ಮುಂಚಿತಗೊಳಿಸಿದರೆ, ಅದಕ್ಕೆ ಮುಂಚಿನ ಬೆಳಕು ಇನ್ನಷ್ಟು ತಡವಾಗಿಸುತ್ತದೆ, ಆದ್ದರಿಂದ ಆರಕ್ಕೇ ಬಾಲ್ಕನಿಗೆ ಹೋಗಿ ನಿಲ್ಲುವ ಹಿತೋಪದೇಶ (ಎಲ್ಲರೂ ಕೊಡುವುದೇ!) ನಿಮಗೆ ತಿರುಗುಬಾಣವಾಗಬಹುದು.

ಸಾಧ್ಯವಾದರೆ ರಜೆಯ ಕೆಲವು ದಿನಗಳಲ್ಲಿ, ಒಂಬತ್ತೂವರೆಗೆ ಎದ್ದೊಡನೆ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ. ಎರಡು ಮೂರು ದಿನಕ್ಕೊಮ್ಮೆ ಏಳುವ ಹೊತ್ತನ್ನು ಅರ್ಧ ಗಂಟೆ ಮುಂಚಿತಗೊಳಿಸಿ, ಸಂಜೆಯ ದೀಪಗಳನ್ನು ಮಂದವಾಗಿಸಿ. ಅಲಾರಂ ಇಲ್ಲದೆಯೇ ಏಳುವ ಹೊತ್ತು ಮುಂಚಿತವಾಗುತ್ತಿದ್ದರೆ ಗಡಿಯಾರ ಸರಿದಿದೆಯೆಂದು ತಿಳಿಯಿರಿ. ಆದರೆ ಎರಡು ಭಾನುವಾರ ಹತ್ತರವರೆಗೆ ಮಲಗಿದರೆ ಅದು ಮತ್ತೆ ಹಳೆಯ ಜಾಗಕ್ಕೆ ಜಾರತೊಡಗುತ್ತದೆ.