ಅಕ್ಕಂದಿರ ಸಹಿ ತೊಂದರೆಯಲ್ಲ

"ಮಾನ್ಯ ಸಂಪಾದಕರೆ, ನಮ್ಮ ತಂದೆ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಮೋಟಾರ್ ಸೈಕಲ್ ನಾನೇ ಓಡಿಸುತ್ತಿದ್ದೇನೆ. ಹಳೆಯ ತಾರೀಖು ಹಾಕಿ 29, 30ನೇ ನಮೂನೆಗೆ ಅಪ್ಪನ ಹೆಸರಿನಲ್ಲಿ ಸಹಿ ಮಾಡಿದರೆ ಸಾಕು, ಮದುವೆಯಾದ ಅಕ್ಕಂದಿರ ಸಹಿಗೆ ಅಲೆಯಬೇಕಾಗಿಲ್ಲ ಎಂದು ಏಜೆಂಟರು ಹೇಳುತ್ತಾರೆ. ಏನು ಮಾಡಲಿ? — ಓದುಗ, ಜಮಖಂಡಿ ತಾಲ್ಲೂಕು"

ಆ ಸಹಿಯನ್ನು ಮಾಡಬೇಡಿ. ಅಕ್ಕಂದಿರು ದೂರದ ಊರುಗಳಲ್ಲಿದ್ದರೆ ಅವರನ್ನು ಕೂಡಿಸುವುದು ಕಷ್ಟ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಎರಡು ನಮೂನೆಗಳು ಬದುಕಿರುವ ಮಾಲೀಕರು ವಾಹನ ಮಾರುವಾಗ ತುಂಬುವಂಥವು. ಮಾಲೀಕರು ತೀರಿಕೊಂಡಾಗ ಇರುವುದು 31ನೇ ನಮೂನೆ. ಸತ್ತವರ ಹೆಸರಿನಲ್ಲಿ ಇನ್ನೊಬ್ಬರು ಹಾಕಿದ ಸಹಿಗೆ ನಕಲಿ ಸಹಿ ಎಂಬುದರ ಹೊರತು ಬೇರೆ ಹೆಸರಿಲ್ಲ. ಒಮ್ಮೆ ಕಚೇರಿಯೊಂದರ ಕಿಟಕಿಯಲ್ಲಿ ಗುಮಾಸ್ತರು ಮರಣ ಪ್ರಮಾಣಪತ್ರವನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು, ಎರಡೂ ತಾರೀಖುಗಳ ಮೇಲೆ ಬೆರಳಿಟ್ಟದ್ದನ್ನು ನಾನು ಕಂಡಿದ್ದೇನೆ. ಸಹಿಯ ತಾರೀಖು ಸಾವಿನ ನಂತರದ್ದಾಗಿತ್ತು. ಅರ್ಜಿ ತಂದಿದ್ದ ಹುಡುಗನಿಗೆ ಮಾತೇ ಹೊರಡಲಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 56ನೇ ನಿಯಮದಂತೆ, ಸಾವಿನ ಸುದ್ದಿಯನ್ನೂ ವಾಹನ ಬಳಸುವ ಉದ್ದೇಶವನ್ನೂ ಮೂವತ್ತು ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಿದ ವಾರಸುದಾರರು ಮೂರು ತಿಂಗಳು ಅದನ್ನು ಓಡಿಸಬಹುದು, ಮತ್ತು ಆ ಮೂರು ತಿಂಗಳೊಳಗೇ 31ನೇ ನಮೂನೆಯನ್ನು ಸಲ್ಲಿಸಬೇಕು. ನಿಮ್ಮ ಅವಧಿ ಮುಗಿದಿದೆ. ತಡವಾದುದಕ್ಕೆ ಹೆಚ್ಚಿನ ಹಣ ಕಟ್ಟಬೇಕಾದೀತು, ಆದರೆ ದಾರಿ ಮುಚ್ಚಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ವಿಮೆ. ಪಾಲಿಸಿಯ ಷರತ್ತುಗಳನ್ನು ಓದಿ ನೋಡಿ: ಮಾಲೀಕರು ತೀರಿಕೊಂಡರೆ ಅದು ಸಾಮಾನ್ಯವಾಗಿ ಮೂರು ತಿಂಗಳು ಅಥವಾ ತನ್ನ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ಆದ್ದರಿಂದ ಹೆಸರು ಬದಲಾಗುವವರೆಗೆ ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ.

ಅರ್ಜಿಯೊಂದಿಗೆ ಮೂಲ ಆರ್‌ಸಿ, ವಿಮಾ ಪತ್ರ, ಮರಣ ಪ್ರಮಾಣಪತ್ರ, ನಿಮ್ಮ ಗುರುತು ಮತ್ತು ವಿಳಾಸದ ದಾಖಲೆ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಉಳಿದ ವಾರಸುದಾರರು ಒಪ್ಪಿಗೆ ಬರೆದ ನೋಟರಿ ಅಫಿಡವಿಟ್ ಕೊಡಬೇಕಾಗುತ್ತದೆ. ಸಾಲದಲ್ಲಿ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು.

ಆ ಅಫಿಡವಿಟ್ಟಿನಲ್ಲೇ ನಮ್ಮ ಕಡೆಯ ಮನೆಗಳು ಎಡವುತ್ತವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳು, ಜೊತೆಗೆ ತೀರಿಕೊಂಡವರ ತಾಯಿ ಎಲ್ಲರೂ ಒಂದೇ ಸಾಲಿನ ವಾರಸುದಾರರು. ಅಜ್ಜಿಯನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ನನ್ನ ತಂದೆಯ ಸ್ಕೂಟರಿನ ಕಾಗದ ಮಾಡಿಸುವಾಗ ನಾವೂ ಮರೆತಿದ್ದೆವು, ಅಜ್ಜಿಯ ಹೆಸರಿಲ್ಲದೆ ಅರ್ಜಿ ಹಿಂದಿರುಗಿ ಬಂದಿತು. ನೀಲಿ ಶಾಯಿಯ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಆಕೆ, "ನನ್ನ ಮಗನ ಗಾಡಿಗೆ ನನ್ನೂ ಕೇಳಿದ್ರೆಲ್ಲೋ ತಮ್ಮಾ" ಎಂದಳು. ಹೊಲದ ಉತಾರದಿಂದ ಗಾಡಿಯ ಆರ್‌ಸಿಯವರೆಗೆ ಹೆಣ್ಣುಮಕ್ಕಳ ಸಹಿಯನ್ನು ತೊಂದರೆ ಎಂದು ಎಣಿಸುವ ರೂಢಿ ನಮ್ಮಲ್ಲಿ ಹೋಗಲೇ ಇಲ್ಲ.

ಮೊದಲು ನಾಡಕಚೇರಿಗೆ ಹೋಗಿ, ನಿಮ್ಮ ಅಜ್ಜಿ ಬದುಕಿದ್ದರೆ ವಂಶವೃಕ್ಷದಲ್ಲಿ ಅವರ ಹೆಸರು ಇದೆಯೇ ಎಂದು ನೋಡಿಕೊಂಡು, ಅಕ್ಕಂದಿರಿಗೆ ಇಂದೇ ಫೋನ್ ಮಾಡಿ.